ಪಟ್ಟೆ ಉಳಿಯಬೇಕು, ನಾಯ್ಸ್ ಹೋಗಬೇಕು: ಗಾಸಿಯನ್ ಬ್ಲರ್, ವೇವ್‌ಲೆಟ್, ಬಿಎಂ3ಡಿ

ಸಂಜೆಯ ಮಬ್ಬು ಬೆಳಕಿನಲ್ಲಿ, ಕ್ಯಾಮೆರಾದ ಐಎಸ್‌ಒ 6400ಕ್ಕೆ ಏರಿಸಿ ತೆಗೆದ ಒಂದು ಫೋಟೋ ಈ ಹೋಲಿಕೆಗೆ ಕಾರಣ. ಅಮ್ಮನ ಸಣ್ಣ ಚೌಕಳಿಯ ಇಳಕಲ್ ಸೀರೆ ಹಗ್ಗದ ಮೇಲಿತ್ತು, ಅದರ ಹಿಂದೆ ಸುಣ್ಣ ಬಳಿದ ಗೋಡೆ ಇತ್ತು, ಎರಡರ ಮೇಲೂ ರವೆ ಚೆಲ್ಲಿದಂತೆ ನಾಯ್ಸ್ ಹರಡಿತ್ತು. ಪ್ರತಿ ಪಿಕ್ಸೆಲ್‌ನ ಜಾಗದಲ್ಲಿ ಸುತ್ತಲಿನ ಪಿಕ್ಸೆಲ್‌ಗಳ ತೂಕದ ಸರಾಸರಿ ಇಡುವ ಗಾಸಿಯನ್ ಬ್ಲರ್ ಹಾಕಿದಾಗ ಗೋಡೆ ನಯವಾಯಿತು, ಆದರೆ ಸೀರೆಯ ನೇಯ್ಗೆಯೂ ಅದರ ಜೊತೆಗೇ ಅಳಿಸಿಹೋಯಿತು. ವೇವ್‌ಲೆಟ್ ಮತ್ತು ಬಿಎಂ3ಡಿ ಎಂಬ ನಾಯ್ಸ್ ತೆಗೆಯುವ ವಿಧಾನಗಳು ಇದಕ್ಕಿಂತ ಚೆನ್ನಾಗಿ ಮಾಡುತ್ತವೆ ಎಂದು ಎಲ್ಲರೂ ಹೇಳುತ್ತಾರೆ; ಎಷ್ಟು ಚೆನ್ನಾಗಿ, ಯಾವ ಜಾಗದಲ್ಲಿ, ಏಕೆ ಎಂಬುದನ್ನು ನನ್ನ ಕಣ್ಣಿನಿಂದಲೇ ನೋಡಬೇಕೆನ್ನಿಸಿತು.

ಸೀರೆಯ ಫೋಟೋದಲ್ಲಿ ನಾಯ್ಸ್ ಇಲ್ಲದ ಮೂಲ ಯಾವುದೆಂದು ಗೊತ್ತಿರುವುದಿಲ್ಲ. ಆದ್ದರಿಂದ ಮೊದಲು ಲೆಕ್ಕ ಹಾಕಬಹುದಾದ ಒಂದು ಚಿತ್ರವನ್ನು ನಾನೇ ತಯಾರಿಸಿಕೊಂಡೆ. ಅದು 512 × 512 ಪಿಕ್ಸೆಲ್‌ಗಳ ಚಿತ್ರ. ಬಲ ಅರ್ಧ 128ರ ಸಪಾಟು ಬೂದು, ಎಡ ಅರ್ಧದಲ್ಲಿ ಎರಡು ಪಿಕ್ಸೆಲ್ ಬೆಳಕು, ಎರಡು ಪಿಕ್ಸೆಲ್ ಕತ್ತಲು ಎಂಬಂತೆ ನಿಂತ ಪಟ್ಟೆಗಳು. ಪಟ್ಟೆಗಳ ಏರಿಳಿತ 128ರಿಂದ ಮೇಲೆ 30, ಕೆಳಗೆ 30. ಇಡೀ ಚಿತ್ರಕ್ಕೆ ಪ್ರಮಾಣಿತ ವಿಚಲನೆ 25 ಇರುವ ಗಾಸಿಯನ್ ನಾಯ್ಸ್ ಸೇರಿಸಿದೆ. ನಾಯ್ಸ್ ಸೇರಿದ ಆ ಚಿತ್ರಕ್ಕೆ `y` ಎಂದು ಹೆಸರಿಟ್ಟು ಮೂರೂ ವಿಧಾನಗಳನ್ನು ಪೈಥಾನ್‌ನಲ್ಲಿ ಹೀಗೆ ನಡೆಸಿದೆ:

```python
from skimage.filters import gaussian
from skimage.restoration import denoise_wavelet, estimate_sigma
import bm3d

s = estimate_sigma(y)
g = gaussian(y, sigma=1)
w = denoise_wavelet(y, sigma=s, method='BayesShrink')
b = bm3d.bm3d(y, sigma_psd=s)
```

ಇಲ್ಲಿ ಒಂದು ಎಚ್ಚರ ಬೇಕು. `gaussian` ಸಾಲಿನಲ್ಲಿರುವ `sigma` ಎಂದರೆ ಬ್ಲರ್‌ನ ಅಗಲ, ಅದರ ಅಳತೆ ಪಿಕ್ಸೆಲ್‌ಗಳಲ್ಲಿ. ಉಳಿದ ಎರಡು ಸಾಲುಗಳಲ್ಲಿ ಅದು ನಾಯ್ಸ್‌ನ ಬಲ, ಅದರ ಅಳತೆ ಚಿತ್ರದ ಬೆಲೆಗಳಲ್ಲಿ. ಚಿತ್ರದ ಬೆಲೆಗಳು 0ಯಿಂದ 1ರವರೆಗೆ ಇದ್ದರೆ 25 ಎಂಬುದು 25/255, ಅಂದರೆ ಸುಮಾರು 0.098 ಆಗಬೇಕು. ಇದನ್ನು ಮರೆತು 25ನ್ನೇ ಕೊಟ್ಟರೆ ಚಿತ್ರದ ವಿವರವೆಲ್ಲವೂ ನಾಯ್ಸ್ ಎಂದೇ ಎಣಿಕೆಯಾಗಿ ಅಳಿದುಹೋಗುತ್ತದೆ.

ಗಾಸಿಯನ್ ಬ್ಲರ್‌ನಿಂದ ಆರಂಭಿಸೋಣ, ಏಕೆಂದರೆ ಅದರ ಲೆಕ್ಕವನ್ನು ಕಾಗದದ ಮೇಲೆಯೇ ಪೂರ್ತಿ ಮಾಡಬಹುದು. ಬ್ಲರ್‌ನ ಅಗಲ 1 ಪಿಕ್ಸೆಲ್ ಇದ್ದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಸಂಬಂಧವಿಲ್ಲದ ನಾಯ್ಸ್ ಶೇಕಡಾ 28ಕ್ಕೆ ಇಳಿಯುತ್ತದೆ. ಬಲಗಡೆಯ ಸಪಾಟು ಭಾಗದಲ್ಲಿ 25 ಇದ್ದದ್ದು 7 ಆಯಿತು. ಇದು ಒಳ್ಳೆಯ ಗಳಿಕೆಯೇ. ಆದರೆ ನಾಲ್ಕು ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಪಟ್ಟೆಯನ್ನು ಅದೇ ಬ್ಲರ್ ಶೇಕಡಾ 29ಕ್ಕೆ ಇಳಿಸುತ್ತದೆ, ಅಂದರೆ 30ರ ಏರಿಳಿತ 9ಕ್ಕಿಂತ ಕಡಿಮೆಯಾಗುತ್ತದೆ. ನಾಯ್ಸ್ ಎಷ್ಟು ಪಟ್ಟು ಕುಗ್ಗಿತೋ ಪಟ್ಟೆಯೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಕುಗ್ಗಿತು. ಕಳೆದುಹೋದ ಪಟ್ಟೆ ಮತ್ತು ಉಳಿದ ನಾಯ್ಸ್ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಎಡ ಅರ್ಧದ ಒಟ್ಟು ದೋಷ 22.4 ಬರುತ್ತದೆ, ಏನೂ ಮಾಡದಿದ್ದಾಗ ಅದು 25 ಇತ್ತು. ಅಗಲವನ್ನು 2 ಪಿಕ್ಸೆಲ್‌ಗೆ ಏರಿಸಿದಾಗ ಸಪಾಟು ಭಾಗದ ದೋಷ 3.5ಕ್ಕೆ ಇಳಿಯಿತು, ಆದರೆ ಪಟ್ಟೆ ಸಂಪೂರ್ಣ ಮಾಯವಾಗಿ ಎಡ ಅರ್ಧದ ದೋಷ 30ಕ್ಕೆ ಏರಿತು. ಮುಟ್ಟದೆ ಬಿಟ್ಟಿದ್ದರೇ ಆ ಭಾಗ ಹೆಚ್ಚು ನಿಜವಾಗಿರುತ್ತಿತ್ತು. ಬ್ಲರ್‌ಗೆ ತನ್ನ ಕೆಳಗೆ ಏನಿದೆ ಎಂಬುದರ ಪರಿವೆಯೇ ಇಲ್ಲದಿರುವುದು ಇದಕ್ಕೆ ಕಾರಣ: ಗೋಡೆಗೂ ಸೀರೆಗೂ ಅದು ಒಂದೇ ತೂಕಗಳಿಂದ ಸರಾಸರಿ ತೆಗೆಯುತ್ತದೆ.

ವೇವ್‌ಲೆಟ್ ವಿಧಾನ ಮೊದಲು ಚಿತ್ರವನ್ನು ಹಲವು ಹಂತದ ವಿವರಗಳಾಗಿ ಬಿಡಿಸುತ್ತದೆ, ಆಮೇಲೆ ಒಂದು ಹೊಸ್ತಿಲನ್ನು ಇಟ್ಟು ವಿವರಗಳ ಬಲ ಹೇಳುವ ಗುಣಾಂಕಗಳಲ್ಲಿ ಅದಕ್ಕಿಂತ ಚಿಕ್ಕವನ್ನು ಸೊನ್ನೆ ಮಾಡುತ್ತದೆ. ನಾಯ್ಸ್ ಎಲ್ಲ ಗುಣಾಂಕಗಳಲ್ಲಿ ಸಮನಾಗಿ ಹಂಚಿಹೋಗುತ್ತದೆ, ಚಿತ್ರದ ವಿಷಯ ಮಾತ್ರ ಕೆಲವೇ ದೊಡ್ಡ ಗುಣಾಂಕಗಳಲ್ಲಿ ಒಟ್ಟಾಗುತ್ತದೆ ಎಂಬುದು ಇದರ ಆಧಾರ. ಪ್ರಶ್ನೆಯೆಲ್ಲ ಹೊಸ್ತಿಲು ಎಷ್ಟು ಎತ್ತರ ಇರಬೇಕು ಎಂಬುದರಲ್ಲಿದೆ. ಡೊನೊಹೊ ಮತ್ತು ಜಾನ್‌ಸ್ಟನ್ 1994ರಲ್ಲಿ ಕೊಟ್ಟ ಸಾರ್ವತ್ರಿಕ ಹೊಸ್ತಿಲಿನ ಸೂತ್ರ σ√(2 ln N). ನನ್ನ ಚಿತ್ರದಲ್ಲಿ N ಎಂದರೆ 2,62,144 ಪಿಕ್ಸೆಲ್, ಆದ್ದರಿಂದ ಹೊಸ್ತಿಲು ಸರಿಸುಮಾರು ನಾಯ್ಸ್‌ನ ಐದು ಪಟ್ಟು, ಅಂದರೆ 125. ನಾಲ್ಕು ಹಂತ ಬಿಡಿಸಿದಾಗ ಸಪಾಟು ಭಾಗದ ನಾಯ್ಸ್ 25ರಿಂದ 1.6ಕ್ಕೆ ಇಳಿಯಿತು, ಮೇಲಿನ ಎರಡು ಅಗಲಗಳ ಗಾಸಿಯನ್ ಇದರ ಹತ್ತಿರಕ್ಕೂ ಬರಲಿಲ್ಲ.

ಪಟ್ಟೆಯ ಭಾಗದಲ್ಲಿ ನಡೆದದ್ದು ನನಗೆ ಹೆಚ್ಚು ಕಲಿಸಿತು. ಅತ್ಯಂತ ಸರಳವಾದ ಹಾರ್ ವೇವ್‌ಲೆಟ್ ಪಿಕ್ಸೆಲ್‌ಗಳನ್ನು ಜೋಡಿಜೋಡಿಯಾಗಿ ನೋಡುತ್ತದೆ. ಪಟ್ಟೆಯ ಎರಡು ಬೆಳಕಿನ ಪಿಕ್ಸೆಲ್‌ಗಳು ಒಂದೇ ಜೋಡಿಯೊಳಗೆ ಬಿದ್ದರೆ ಮೊದಲ ಹಂತದಲ್ಲಿ ವ್ಯತ್ಯಾಸವೇ ಇರುವುದಿಲ್ಲ, ಎರಡನೆಯ ಹಂತದಲ್ಲಿ ಗುಣಾಂಕ 30ರ ನಾಲ್ಕು ಪಟ್ಟು, ಅಂದರೆ 120 ಆಗುತ್ತದೆ. ಹೊಸ್ತಿಲು 125. ನಾಯ್ಸ್ ತಳ್ಳಿದ ಕಡೆ ಕೆಲವು ಗುಣಾಂಕಗಳು ಹೊಸ್ತಿಲು ದಾಟಿದವು, ಅರ್ಧಕ್ಕಿಂತ ಹೆಚ್ಚು ಸತ್ತವು. ಪಟ್ಟೆಗಳು ಅಲ್ಲಲ್ಲಿ ಇಲಿ ಕಡಿದ ಬಟ್ಟೆಯಂತೆ ಕಂಡವು. ಇದೇ ಚಿತ್ರವನ್ನು ಒಂದೇ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿಸಿದಾಗ ಪ್ರತಿ ಜೋಡಿಯಲ್ಲೂ ಒಂದು ಬೆಳಕು, ಒಂದು ಕತ್ತಲು ಸೇರಿಕೊಂಡವು, ಎಲ್ಲ ಶಕ್ತಿಯೂ ಮೊದಲ ಹಂತಕ್ಕೆ ಹೋಯಿತು, ಅಲ್ಲಿ ಗುಣಾಂಕ ಬರೀ 60. ಪಟ್ಟೆ ಪೂರ್ತಿ ಅಳಿಸಿಹೋಯಿತು. ಒಂದು ಪಿಕ್ಸೆಲ್ ಸರಿಸಿದ ಮಾತ್ರಕ್ಕೆ ಫಲಿತಾಂಶ ಇಷ್ಟು ಬದಲಾಗುವುದು ಈ ವಿಧಾನದ ನಿಜವಾದ ದೌರ್ಬಲ್ಯ. ಇದಕ್ಕೆ ಕೊಯ್ಫ್‌ಮನ್ ಮತ್ತು ಡೊನೊಹೊ 1995ರಲ್ಲಿ ಹೇಳಿದ ಪರಿಹಾರ ನೇರವಾದದ್ದು: ಚಿತ್ರವನ್ನು ಹಲವು ಸ್ಥಾನಗಳಿಗೆ ಸರಿಸಿ, ಪ್ರತಿಯೊಂದನ್ನೂ ಶುದ್ಧಗೊಳಿಸಿ, ಹಿಂದಕ್ಕೆ ಸರಿಸಿ, ಸರಾಸರಿ ತೆಗೆಯುವುದು. `skimage`ನಲ್ಲಿ ಇದು `cycle_spin` ಎಂಬ ಹೆಸರಿನಲ್ಲಿ ಸಿಗುತ್ತದೆ. ಹಾರ್ ಬಳಸುವವರು ಇದನ್ನು ಬಿಡಲೇಬಾರದು ಎಂಬುದು ನನ್ನ ಅಭಿಪ್ರಾಯ.

ಮೇಲಿನ ಕೋಡ್‌ನಲ್ಲಿರುವ ಬೇಯ್ಸ್‌ಶ್ರಿಂಕ್ ಹೊಸ್ತಿಲನ್ನು ಪ್ರತಿ ಹಂತ, ಪ್ರತಿ ದಿಕ್ಕಿಗೆ ಬೇರೆಬೇರೆಯಾಗಿ ಇಡುತ್ತದೆ: ನಾಯ್ಸ್‌ನ ವರ್ಗವನ್ನು ಆ ಹಂತದ ಆ ದಿಕ್ಕಿನಲ್ಲಿರುವ ವಿಷಯದ ಬಲದಿಂದ ಭಾಗಿಸುತ್ತದೆ. ಒಂದು ಪಿಕ್ಸೆಲ್ ಸರಿಸಿದ ಚಿತ್ರದಲ್ಲಿ ಮೊದಲ ಹಂತದ ಹೊಸ್ತಿಲು 125ರ ಬದಲು ಸುಮಾರು 15 ಆಯಿತು, 60ರ ಗುಣಾಂಕಗಳು ಹೊಸ್ತಿಲಷ್ಟು ಕಡಿತವಾಗಿ 45ರಷ್ಟಾಗಿ ಉಳಿದವು, ಪಟ್ಟೆ ಬದುಕಿತು. ಆದರೆ ಆ ಹೊಸ್ತಿಲು ಎಡಕ್ಕೂ ಬಲಕ್ಕೂ ಒಂದೇ. ಬಲಗಡೆ ಯಾವ ವಿಷಯವೂ ಇಲ್ಲದ ಜಾಗದಲ್ಲಿ 25ರ ನಾಯ್ಸ್‌ನ ಅರ್ಧಕ್ಕಿಂತ ಹೆಚ್ಚು ಗುಣಾಂಕಗಳು 15ನ್ನು ದಾಟಿ ಬಂದು, ಗೋಡೆಯ ಮೇಲೆ ಸಣ್ಣ ನಿಂತ ಗೀರುಗಳಾಗಿ ಕಂಡವು. ಸೀರೆಯ ಫೋಟೋದಲ್ಲೂ ಇದೇ ಆಯಿತು: ಸೀರೆಗೆ ತೋರಿಸಿದ ಉದಾರತೆಯಿಂದ ಗೋಡೆ ಕೊಳೆಯಾಯಿತು.

ಈ ಹೊಂದಾಣಿಕೆಯ ಅಗತ್ಯವನ್ನೇ ಬಹುಮಟ್ಟಿಗೆ ತಪ್ಪಿಸುವುದು ಬಿಎಂ3ಡಿ. ಫಿನ್‌ಲೆಂಡ್‌ನ ಟಾಂಪೆರೆಯಲ್ಲಿದ್ದ ದಾಬೊವ್, ಫೋಯಿ, ಕಟ್ಕೊವ್ನಿಕ್, ಎಗಿಯಾಜಾರಿಯನ್ 2007ರಲ್ಲಿ ಇದನ್ನು ಪ್ರಕಟಿಸಿದರು. ಸಹಯೋಗಿ ಶೋಧನೆ ಎಂಬ ಹೆಸರು ಅವರದೇ. ಸಿನಿಮಾ ಶಿಫಾರಸು ಮಾಡುವ ತಂತ್ರಕ್ಕೂ ಇದೇ ಹೆಸರಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸಹಯೋಗ ಮಾಡುವವು ಚಿತ್ರದ ತುಣುಕುಗಳು. ಒಂದು 8 × 8 ತುಣುಕನ್ನು ಹಿಡಿದು, ಸುತ್ತಮುತ್ತ ಅದನ್ನು ಹೋಲುವ ತುಣುಕುಗಳನ್ನು ಹುಡುಕಿ, ಹದಿನಾರರವರೆಗೆ ಒಂದರ ಮೇಲೊಂದು ಅಡಕಿಟ್ಟು, ಆ ಮೂರು ಆಯಾಮದ ಕಟ್ಟನ್ನು ಒಟ್ಟಿಗೆ ಪರಿವರ್ತಿಸಿ, ನಾಯ್ಸ್‌ನ 2.7 ಪಟ್ಟಿನ ಹೊಸ್ತಿಲು ಇಡಲಾಗುತ್ತದೆ. ಒಂದೇ ಪಿಕ್ಸೆಲ್ ಹಲವು ಕಟ್ಟುಗಳಲ್ಲಿ ಬರುವುದರಿಂದ ಅದಕ್ಕೆ ಸಿಕ್ಕ ಎಲ್ಲ ಅಂದಾಜುಗಳ ತೂಕದ ಸರಾಸರಿಯೇ ಉತ್ತರ. ಹೀಗೆ ಸಿಕ್ಕ ಚಿತ್ರವನ್ನು ಮಾರ್ಗದರ್ಶಿಯಾಗಿಟ್ಟುಕೊಂಡು ಎರಡನೆಯ ಸುತ್ತಿನಲ್ಲಿ ಹೊಸ್ತಿಲಿನ ಬದಲು, ಪ್ರತಿ ಗುಣಾಂಕವನ್ನೂ ಅದರ ಬಲಕ್ಕೆ ತಕ್ಕಂತೆ ಕುಗ್ಗಿಸುವ ವೀನರ್ ಶೋಧಕವನ್ನು ಬಳಸುತ್ತಾರೆ.

ನನ್ನ ಪಟ್ಟೆಗೆ ಇದರ ಲೆಕ್ಕ ಹೀಗಿದೆ. ಒಂದು ತುಣುಕಿನಲ್ಲಿ 64 ಪಿಕ್ಸೆಲ್, ಪ್ರತಿಯೊಂದರಲ್ಲೂ 30ರ ಏರಿಳಿತ. ಅದೆಲ್ಲ ಒಂದೇ ಗುಣಾಂಕದಲ್ಲಿ ಸೇರಿದರೆ ಅದರ ಗಾತ್ರ 240. ಒಂದೇ ರೀತಿಯ 16 ತುಣುಕುಗಳನ್ನು ಅಡಕಿದಾಗ ಅದು ನಾಲ್ಕು ಪಟ್ಟು ಬೆಳೆದು 960 ಆಗುತ್ತದೆ, ಆದರೆ ಪ್ರತಿ ಗುಣಾಂಕದಲ್ಲಿ ಇರುವ ನಾಯ್ಸ್ ಅದೇ 25. ಹೊಸ್ತಿಲು 67.5. ಪರಿವರ್ತನೆ ಪಟ್ಟೆಯ ಶಕ್ತಿಯನ್ನು ನಾಲ್ಕು ಗುಣಾಂಕಗಳಿಗೆ ಸಮನಾಗಿ ಹಂಚಿದರೂ ಪ್ರತಿಯೊಂದೂ 480 ಇರುತ್ತದೆ. ವೇವ್‌ಲೆಟ್‌ನಲ್ಲಿ 120ಕ್ಕೂ 125ಕ್ಕೂ ನಡುವೆ ಎಳೆದಾಟವಿತ್ತು. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಸಪಾಟು ಭಾಗದ ತುಣುಕುಗಳು ತಮ್ಮಂಥ ಸಪಾಟು ತುಣುಕುಗಳ ಜೊತೆ ಮಾತ್ರ ಸೇರುವುದರಿಂದ ಪಟ್ಟೆಯ ಪ್ರಭಾವ ಅವುಗಳಿಗೆ ತಗಲುವುದಿಲ್ಲ. ನೇಯ್ಗೆ, ಜಾಲರಿ, ಹೆಂಚಿನ ಸಾಲು ಮುಂತಾದ ಮರುಕಳಿಸುವ ವಿನ್ಯಾಸಗಳಲ್ಲಿ ಬಿಎಂ3ಡಿ ಮುಂದಿರುವುದಕ್ಕೆ ಇದೇ ಕಾರಣ. ಪಟ್ಟೆಯ ಬಟ್ಟೆ ತುಂಬಿರುವ ಬಾರ್ಬರಾ ಎಂಬ ಪರೀಕ್ಷಾ ಚಿತ್ರದಲ್ಲಿ, ಇದೇ 25ರ ನಾಯ್ಸ್‌ಗೆ, ಫಲಿತಾಂಶ ಮೂಲಕ್ಕೆ ಎಷ್ಟು ಹತ್ತಿರವಿದೆ ಎಂದು ಹೇಳುವ ಪಿಎಸ್‌ಎನ್‌ಆರ್ ಅಳತೆ 20.2 ಡೆಸಿಬೆಲ್‌ನಿಂದ ಸುಮಾರು 30.7ಕ್ಕೆ ಏರುತ್ತದೆ. ಅದನ್ನು ದೋಷಕ್ಕೆ ತಿರುಗಿಸಿದರೆ ಇಡೀ ಚಿತ್ರಕ್ಕೆ ಸುಮಾರು 7.4; ಗಾಸಿಯನ್ ಬರೀ ಸಪಾಟು ಗೋಡೆಯಲ್ಲಿ ತಲುಪಿದ ಮಟ್ಟವನ್ನು ಇದು ಪಟ್ಟೆಗಳೂ ಸೇರಿದ ಚಿತ್ರದಲ್ಲಿ ತಲುಪುತ್ತದೆ.

ಆದರೂ ಸೀರೆಯ ಫೋಟೋದ ಮೇಲೆ ನಾನು ಮೊದಲು ಬಿಎಂ3ಡಿ ನಡೆಸಿದಾಗ ನಿರಾಸೆಯಾಯಿತು: ಗೋಡೆಯ ಮೇಲೆ ಎರಡು ಮೂರು ಪಿಕ್ಸೆಲ್ ಅಗಲದ ಕಲೆಗಳು ಹಾಗೇ ಉಳಿದವು. ತಪ್ಪು ನಾನು ಕೊಟ್ಟ ಫೈಲಿನಲ್ಲಿತ್ತು, ಅದು ಜೆಪೆಗ್. ಕ್ಯಾಮೆರಾ ಬಣ್ಣ ತುಂಬುವಾಗ ಮತ್ತು ಜೆಪೆಗ್ ಮಾಡುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳ ನಾಯ್ಸ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. `estimate_sigma` ಅತಿ ಸೂಕ್ಷ್ಮವಾದ ಓರೆ ಹಂತದ ಗುಣಾಂಕಗಳ, ಚಿಹ್ನೆ ಬಿಟ್ಟ ಗಾತ್ರಗಳ ಮಧ್ಯಾಂಕವನ್ನು 0.6745ರಿಂದ ಭಾಗಿಸಿ ನಾಯ್ಸ್ ಅಳೆಯುತ್ತದೆ. ಅಂಟಿಕೊಂಡ ನಾಯ್ಸ್ ಆ ಹಂತದಲ್ಲಿ ಕಡಿಮೆ ಇರುವುದರಿಂದ ಅಳತೆ ಕಡಿಮೆ ಬಂದಿತ್ತು. ರಾ ಫೈಲಿನಿಂದ ಪ್ರತಿ 2 × 2 ಗುಂಪಿನ ಒಂದು ಹಸಿರು ಪಿಕ್ಸೆಲ್ ಮಾತ್ರ ತೆಗೆದು ಅರ್ಧ ಗಾತ್ರದ ಚಿತ್ರ ಮಾಡಿ, ಗೋಡೆಯ ಒಂದು ಸಣ್ಣ ತುಂಡಿನಿಂದ ನಾಯ್ಸ್ ಅಳೆದು ಕೊಟ್ಟ ಮೇಲೆ ಕಲೆಗಳು ಹೋದವು, ಚೌಕಳಿಯ ಗೆರೆಗಳು ಉಳಿದವು. ನಾಯ್ಸ್ ತೀರಾ ಹೆಚ್ಚಿದ್ದ ನೆರಳಿನ ಮಡಿಕೆಗಳಲ್ಲಿ ಮಾತ್ರ ಹುಳು ಹರಿದಂಥ ಸುಳ್ಳು ಗೆರೆಗಳು ಮೂಡಿದವು, ಏಕೆಂದರೆ ಅಲ್ಲಿ ತುಣುಕುಗಳು ಒಂದನ್ನೊಂದು ಹೋಲುತ್ತಿದ್ದುದು ನಾಯ್ಸ್‌ನಲ್ಲೇ.

ಯಾವ ವಿಧಾನವಾದರೂ ಏನು ಕಳೆಯಿತು ಎಂದು ತಿಳಿಯಲು ನಾನು ಮೂಲದಿಂದ ಫಲಿತಾಂಶವನ್ನು ಕಳೆದು, ಉಳಿದದ್ದನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುತ್ತೇನೆ. ಉಳಿದದ್ದು ಬರೀ ರವೆಯಂತಿರಬೇಕು. ಗಾಸಿಯನ್ ಹಾಕಿದಾಗ ಆ ಚಿತ್ರದಲ್ಲಿ ಸೀರೆಯ ಚೌಕಳಿ ಪೂರ್ತಿಯಾಗಿ ಕಂಡಿತು, ವೇವ್‌ಲೆಟ್‌ನಲ್ಲಿ ಅಂಚುಗಳ ನೆರಳು ಕಂಡಿತು, ಬಿಎಂ3ಡಿಯಲ್ಲಿ ಸೆರಗಿನ ಒಂದು ಮೂಲೆಯನ್ನು ಬಿಟ್ಟರೆ ಏನೂ ಕಾಣಲಿಲ್ಲ.

ಗಾಸಿಯನ್ ಬ್ಲರ್ ಅನ್ನು ನಾನು ಕೈಬಿಟ್ಟಿಲ್ಲ. ಚಿತ್ರವನ್ನು ಚಿಕ್ಕದು ಮಾಡುವ ಮುನ್ನ, ಅಂಚು ಹುಡುಕುವ ಮುನ್ನ, ಬೆಳಕಿನ ನಿಧಾನವಾದ ಏರಿಳಿತವನ್ನಷ್ಟೇ ಅಳೆಯುವಾಗ ಅದೇ ಸಾಕು, ಏಕೆಂದರೆ ಅಲ್ಲಿ ಸಣ್ಣ ವಿವರ ಬೇಕಾಗಿಯೇ ಇರುವುದಿಲ್ಲ. ದೊಡ್ಡ ಸಪಾಟು ಭಾಗಗಳೂ ಕೆಲವೇ ಚೂಪಾದ ಅಂಚುಗಳೂ ಇರುವ ಚಿತ್ರಗಳು ನೂರಾರಿದ್ದು ಬೇಗ ಮುಗಿಯಬೇಕಾದಾಗ `cycle_spin` ಜೊತೆಗಿನ ವೇವ್‌ಲೆಟ್ ಬಳಸುತ್ತೇನೆ. ಬಟ್ಟೆಯ ಫೋಟೋಗಳು ಮಾತ್ರ ಬಿಎಂ3ಡಿಗೆ ಹೋಗುತ್ತವೆ, ಅದೂ ರಾ ಫೈಲ್ ಇದ್ದರೆ.