ಫೋನ್ ನಂಬರ್, ಇಮೇಲ್, ಗೂಗಲ್: ಮೂರು ಖಾತೆಗಳಲ್ಲಿ ನಾನು ಮಾಡಿ ನೋಡಿದ ಹೋಲಿಕೆ

ಆಲ್ದೂರಿನ ಬಳಿಯ ನಮ್ಮ ಹೋಂಸ್ಟೇಯ ಬೋರ್ಡಿನ ಮೇಲಿರುವುದು ನನ್ನ ಸ್ವಂತ ಮೊಬೈಲ್ ನಂಬರ್. ಒಂದು ರಾತ್ರಿ ತಂಗಿ ಹೋದವರು ಮಾರನೆಯ ದಿನವೇ ನನ್ನ ಫೇಸ್‌ಬುಕ್ ಖಾತೆಗೆ ಸ್ನೇಹದ ಕೋರಿಕೆ ಕಳುಹಿಸುವುದು ಹೆಚ್ಚಾದಾಗ, ನಂಬರನ್ನು ಬದಲಿಸದೆಯೇ ಈ ದಾರಿಯನ್ನು ಮುಚ್ಚಲು ಸಾಧ್ಯವೇ ಎಂದು ಫೇಸ್‌ಬುಕ್, ಲಿಂಕ್ಡ್‌ಇನ್ ಮತ್ತು ಟೆಲಿಗ್ರಾಂ ಮೂರರಲ್ಲೂ ಪರೀಕ್ಷಿಸಿದೆ.

ಪರೀಕ್ಷೆಗೆ ನೆರವಾದವಳು ಹಾಸನದಲ್ಲಿರುವ ಅಣ್ಣನ ಮಗಳು. ಪರಿಚಿತರ ಮೂಲಕವೂ ಈ ತಾಣಗಳು ಹೆಸರುಗಳನ್ನು ಸೂಚಿಸುವುದರಿಂದ, ನಮ್ಮಿಬ್ಬರ ಸ್ನೇಹಿತರ ಪಟ್ಟಿಯಲ್ಲೂ ಇಲ್ಲದ ಸಹೋದ್ಯೋಗಿಯೊಬ್ಬಳ ಫೋನನ್ನು ಅವಳು ಬಳಸಿದಳು. ಹೆಸರಿನ ಹೋಲಿಕೆಯಿಂದ ಸಿಕ್ಕಿತೆಂಬ ಸಂಶಯ ಉಳಿಯಬಾರದೆಂದು ನನ್ನ ನಂಬರನ್ನು ಅದರಲ್ಲಿ ‘ತೋಟ’ ಎಂದಷ್ಟೇ ಉಳಿಸಿದಳು. ಫೇಸ್‌ಬುಕ್‌ನ ಹುಡುಕು ಪೆಟ್ಟಿಗೆಯಲ್ಲಿ ನಂಬರನ್ನು ಒತ್ತಿದರೆ ಏನೂ ಬರಲಿಲ್ಲ. ಅದು ಸಹಜವೇ, ಏಕೆಂದರೆ ಹಾಗೆ ಹುಡುಕುವ ಸೌಲಭ್ಯವನ್ನು ಫೇಸ್‌ಬುಕ್ 2018ರ ಏಪ್ರಿಲ್‌ನಲ್ಲಿಯೇ ನಿಲ್ಲಿಸಿತು. ಆದರೆ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಆ್ಯಪ್‌ಗೆ ಏರಿಸಲು ಅನುಮತಿ ಕೊಟ್ಟ ಸ್ವಲ್ಪ ಹೊತ್ತಿಗೆ ಅವಳಿಂದ ಕರೆ ಬಂತು: “ಅತ್ತೆ, ನಿಮ್ಮ ಫೋಟೋನೇ ಮೊದಲು ಬಂತು ನೋಡಿ.” ಹೊರಗಿನವರು ಬರುತ್ತಿದ್ದುದು ಈ ಹಿತ್ತಿಲ ಬಾಗಿಲಿನಿಂದ. ಹುಡುಕು ಪೆಟ್ಟಿಗೆಯನ್ನಷ್ಟೇ ನೋಡಿ ನಿಶ್ಚಿಂತರಾಗುವವರು ತಪ್ಪುವುದೂ ಇಲ್ಲಿಯೇ.

ಫೇಸ್‌ಬುಕ್‌ನಲ್ಲಿ ಇದರ ಬೀಗ How people find and contact you ಎಂಬಲ್ಲಿದೆ. ನಂಬರಿಗೊಂದು, ಇಮೇಲಿಗೊಂದು ಆಯ್ಕೆ ಬೇರೆಬೇರೆಯಾಗಿವೆ. ಎಲ್ಲರೂ, ಸ್ನೇಹಿತರ ಸ್ನೇಹಿತರು, ಸ್ನೇಹಿತರು, ನಾನು ಮಾತ್ರ ಎಂಬ ನಾಲ್ಕು ಹಂತಗಳು ಎರಡಕ್ಕೂ ಇವೆ. ನಂಬರನ್ನು Only me ಮಾಡಿ, ಇಮೇಲನ್ನು ‘ಸ್ನೇಹಿತರ ಸ್ನೇಹಿತರು’ ಎಂದು ಬಿಟ್ಟೆ, ಏಕೆಂದರೆ ಆ ವಿಳಾಸ ಹಳೆಯ ಸಹಪಾಠಿಗಳಿಗಷ್ಟೇ ಗೊತ್ತು. ಅದೇ ನಂಬರನ್ನು ಇನ್ನೊಬ್ಬ ಅಪರಿಚಿತರ ಫೋನಿನಲ್ಲಿಟ್ಟು ಮತ್ತೆ ನೋಡಿದಾಗ ನಾನು ಕಾಣಲಿಲ್ಲ.

ಲಿಂಕ್ಡ್‌ಇನ್‌ನಲ್ಲಿಯೂ Visibility ವಿಭಾಗದೊಳಗೆ ಇಮೇಲ್ ಮತ್ತು ಫೋನ್ ನಂಬರಿಗೆ ಪ್ರತ್ಯೇಕ ಆಯ್ಕೆಗಳಿದ್ದು, ಎರಡನ್ನೂ Nobody ಮಾಡಬಹುದು. ಕೆಲಸಕ್ಕೆ ಸಂಬಂಧಿಸಿದ ಖಾತೆಯಾದ್ದರಿಂದ ಅಲ್ಲಿ ಇಮೇಲನ್ನು ತೆರೆದೇ ಇಟ್ಟಿದ್ದೇನೆ.

ಟೆಲಿಗ್ರಾಂ ಬೇರೆ ಜಾತಿಯದು. ಅಲ್ಲಿ ಇಮೇಲಿನಿಂದ ಹುಡುಕುವ ಮಾತೇ ಇಲ್ಲ. Privacy and Security ಒಳಗಿನ Phone Number ಎಂಬಲ್ಲಿ, ನಂಬರನ್ನು ಯಾರು ನೋಡಬಹುದು ಎಂಬುದಕ್ಕೆ Nobody ಎಂದು ಆರಿಸಿದ ಮೇಲಷ್ಟೇ, ನಂಬರಿನಿಂದ ಯಾರು ಹುಡುಕಬಹುದು ಎಂಬ ಎರಡನೆಯ ಪ್ರಶ್ನೆ ಕಾಣಿಸಿಕೊಳ್ಳುತ್ತದೆ. ಮೊದಲನೆಯದನ್ನು ಮಾಡಿ ಕೆಲಸ ಮುಗಿಯಿತೆಂದುಕೊಂಡಿದ್ದ ನಾನು ಈ ಎರಡನೆಯದನ್ನು ಗಮನಿಸಿರಲೇ ಇಲ್ಲ. ಅದರಲ್ಲಿ ‘ಯಾರೂ ಬೇಡ’ ಎಂಬ ಆಯ್ಕೆಯಿಲ್ಲ. ಎಲ್ಲರೂ ಅಥವಾ ನನ್ನ ಕಾಂಟ್ಯಾಕ್ಟ್‌ಗಳು, ಇಷ್ಟೇ. ಆದರೂ ನನ್ನಂಥವರಿಗೆ ‘ನನ್ನ ಕಾಂಟ್ಯಾಕ್ಟ್‌ಗಳು’ ಎಂಬುದೇ ಹೆಚ್ಚು ಅನುಕೂಲ. ಅತಿಥಿ ನನ್ನ ನಂಬರನ್ನು ಉಳಿಸಿಕೊಂಡರೆ ಸಾಲದು, ಅವರ ನಂಬರ್ ನನ್ನ ಪಟ್ಟಿಯಲ್ಲಿಯೂ ಇರಬೇಕು. ಅದಕ್ಕೆಂದೇ ಬುಕಿಂಗ್ ಮಾಡುವವರ ನಂಬರುಗಳನ್ನು ಈಗ ಫೋನಿನಲ್ಲಿ ಉಳಿಸದೆ ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ಇನ್ನು ಯೂಸರ್‌ನೇಮ್ ಇಟ್ಟುಕೊಂಡವರಿಗೆ ಒಂದು ಮಾತು: ಅದು ಗೊತ್ತಿರುವವರಿಗೆ ಈ ಬೀಗ ಅನ್ವಯಿಸುವುದಿಲ್ಲ.

ಉಳಿದದ್ದು ಗೂಗಲ್. ಫೇಸ್‌ಬುಕ್‌ನಲ್ಲಿ, ಹೊರಗಿನ ಸರ್ಚ್ ಎಂಜಿನ್‌ಗಳು ಪ್ರೊಫೈಲಿಗೆ ಕೊಂಡಿ ಕೊಡಬಹುದೇ ಎಂಬ ಸ್ವಿಚ್ಚನ್ನು ಆಫ್ ಮಾಡಿದರೆ ಫಲಿತಾಂಶದಿಂದ ಹೆಸರು ಮಾಯವಾಗಲು ಸಮಯ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾರ್ವಜನಿಕ ಪುಟಗಳಲ್ಲಿ ನಾವು ಬರೆದ ಕಾಮೆಂಟ್‌ಗಳಿಗೆ ಅದು ತಡೆಯಲ್ಲ. ಕಾಫಿ ದರ ಹಾಕುವ ಸಾರ್ವಜನಿಕ ಪುಟವೊಂದರಲ್ಲಿ ನಾನು ಬರೆದಿದ್ದ ಎರಡು ಸಾಲು ಹುಡುಕಾಟದಲ್ಲಿ ಉಳಿದೇ ಇತ್ತು. ಅದನ್ನು ಕೈಯಾರೆ ಅಳಿಸಬೇಕಾಯಿತು. ಲಿಂಕ್ಡ್‌ಇನ್‌ನ ವ್ಯವಸ್ಥೆ ಇದಕ್ಕಿಂತ ಸ್ಪಷ್ಟವಾಗಿದೆ. Edit your public profile ಎಂಬಲ್ಲಿ ಸಾರ್ವಜನಿಕ ಗೋಚರತೆಯನ್ನು ನಿಲ್ಲಿಸಿದೊಡನೆ, ಲಾಗಿನ್ ಆಗದವರಿಗೆ ಪ್ರೊಫೈಲು ತೆರೆಯುವುದಿಲ್ಲ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನಮ್ಮದೇ ಕೊಂಡಿಯನ್ನು ಅಂಟಿಸಿ ಇದನ್ನು ಕೂಡಲೇ ಖಚಿತಪಡಿಸಿಕೊಳ್ಳಬಹುದು. ಗೂಗಲ್‌ನಲ್ಲಿ ಮಾತ್ರ ಹಳೆಯ ಶೀರ್ಷಿಕೆ ಮತ್ತು ಎರಡು ಸಾಲಿನ ಪರಿಚಯ ಆಮೇಲೂ ಕಾಣುತ್ತಿತ್ತು. ಕಾಯುವ ಬದಲು ಗೂಗಲ್‌ನದೇ Refresh Outdated Content ಪುಟದಲ್ಲಿ ಆ ಕೊಂಡಿಯನ್ನು ಸಲ್ಲಿಸಿದೆ. ಪುಟ ನಿಜವಾಗಿ ಮುಚ್ಚಿದ್ದರೆ ಅಥವಾ ಬದಲಾಗಿದ್ದರೆ ಮಾತ್ರ ಆ ಕೋರಿಕೆಗೆ ಬೆಲೆ, ಆದ್ದರಿಂದ ಮೊದಲು ಸ್ವಿಚ್ಚು, ಆಮೇಲೆ ಅರ್ಜಿ.

ನಂಬರಿನ ವಿಷಯದಲ್ಲಿ ನನ್ನ ಮತ ಟೆಲಿಗ್ರಾಂಗೆ, ಗೂಗಲ್ ವಿಷಯದಲ್ಲಿ ಲಿಂಕ್ಡ್‌ಇನ್‌ಗೆ. ಮೂರೂ ಬಾಗಿಲುಗಳಿಗೆ ಬೇರೆಬೇರೆ ಬೀಗ ಇರುವ ಫೇಸ್‌ಬುಕ್‌ನಲ್ಲಿಯೇ ನನಗೆ ಹೆಚ್ಚು ದಿನ ಹಿಡಿದದ್ದು, ಹಳೆಯ ಕಾಮೆಂಟ್‌ಗಳನ್ನು ಹುಡುಕುವುದು ಇನ್ನೂ ಮುಗಿದಿಲ್ಲ.