ವೈಬ್ರೇಶನ್ ಅಲಾರಂ ನಂಬುವ ಮುಂಚೆ ನೋಡಿ: ಅದರ ಬೇಸ್‌ಲೈನ್ ದಿನಾ ಬದಲಾಗುತ್ತಾ?

ನಮ್ಮ ಬ್ಲೋವರ್ ಮೋಟಾರ್‌ನ ಬೇರಿಂಗ್ ಒಡೆದು, ರೋಟರ್ ಸ್ಟೇಟರ್‌ಗೆ ಉಜ್ಜಿ, ವೈಂಡಿಂಗ್ ಪೂರ್ತಿ ಹಾಳಾಯಿತು. ಅದರ ಮೇಲೆ ವೈಬ್ರೇಶನ್ ಸೆನ್ಸರ್ ಇತ್ತು, ಡೇಟಾನೂ ಸರಿಯಾಗಿ ಬರ್ತಾ ಇತ್ತು. ಆದರೂ ಕೊನೆಯವರೆಗೆ ಸ್ಕ್ರೀನ್ ಹಸಿರಾಗಿಯೇ ಇತ್ತು. ಹಳೆಯ ರೀಡಿಂಗ್ ತೆಗೆದು ನೋಡಿದರೆ ವೈಬ್ರೇಶನ್ ವಾರಗಟ್ಟಲೆ ಏರುತ್ತಲೇ ಬಂದಿದೆ!

ಸಿಸ್ಟಮ್ ಹಾಕಿಕೊಟ್ಟವರು ಕಳೆದ 7 ದಿನಗಳ ಸರಾಸರಿ ತೆಗೆದು, ಅದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನ 3 ಪಟ್ಟು ಸೇರಿಸಿ ಮಿತಿ ಇಟ್ಟಿದ್ದರು. ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಮೋಟಾರ್ ಚೆನ್ನಾಗಿದ್ದಾಗ ಸರಾಸರಿ 1.2 mm/s, ಏರಿಳಿತ 0.15 ಅಂದುಕೊಳ್ಳಿ. ಮಿತಿ 1.65 ಆಗುತ್ತದೆ. ಈಗ ಬೇರಿಂಗ್ ಸವೆದು ದಿನಕ್ಕೆ 0.05 ಏರುತ್ತಾ ಹೋದರೆ, 7 ದಿನಗಳ ಸರಾಸರಿಯೂ ಅದರ ಹಿಂದೆಯೇ ಏರುತ್ತದೆ. ಇವತ್ತಿನ ರೀಡಿಂಗ್ ಆ ಸರಾಸರಿಗಿಂತ ಸುಮಾರು 0.18 ಮಾತ್ರ ಮೇಲಿರುತ್ತದೆ, ಅಲಾರಂ ಹೊಡೆಯೋಕೆ ಕನಿಷ್ಠ 0.45 ಬೇಕು. ಅಂದರೆ ಸಿಸ್ಟಮ್ ಕೆಟ್ಟ ಬೇರಿಂಗನ್ನೇ ದಿನಾ ಸ್ವಲ್ಪ ಸ್ವಲ್ಪ ಸರಿ ಅಂತ ಕಲಿಯುತ್ತಾ ಹೋಗುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ಮೋಟಾರ್ ನಿಂತಿದ್ದ ಹೊತ್ತಿನ ಸೊನ್ನೆಗಳೂ ಆ ಲೆಕ್ಕಕ್ಕೆ ಸೇರಿದ್ದವು. ಅರ್ಧ ದಿನ 0, ಅರ್ಧ ದಿನ 1.2 ಇದ್ದರೆ ಸರಾಸರಿ 0.6, ಡೀವಿಯೇಶನ್ನೂ 0.6, ಮಿತಿ 2.4ಕ್ಕೆ ಹೋಗಿ ಕೂರುತ್ತದೆ. ವೈಬ್ರೇಶನ್ ಎರಡು ಪಟ್ಟಾದರೂ ಸದ್ದಿಲ್ಲ.

ಹಾಗಾಗಿ ಬೇರಿಂಗ್, ಅಲೈನ್‌ಮೆಂಟ್ ಎರಡೂ ಸರಿ ಇದೆ ಅಂತ ಮೆಕ್ಯಾನಿಕ್ ನೋಡಿ ಹೇಳಿದ ಮೇಲೆ, ಮಾಮೂಲಿ ಲೋಡಿನಲ್ಲಿ ಓಡುವಾಗ ಒಂದೆರಡು ವಾರ ಡೇಟಾ ತೆಗೆದು, ಆ ಬೇಸ್‌ಲೈನನ್ನು ಅಲ್ಲೇ ಲಾಕ್ ಮಾಡಿ. ಓಡ್ತಾ ಇದೆಯೋ ಇಲ್ಲವೋ ಅನ್ನೋದನ್ನ ಕರೆಂಟ್ ನೋಡಿ ತಿಳಿಯಬಹುದು:

```
run = df[df.amps > idle_amps]
base = run.loc[start:end, "rms"]
limit = base.mean() + 3 * base.std()
```

ಒಂದೇ ರೀಡಿಂಗ್ ಮಿತಿ ದಾಟಿದರೆ ಅಲಾರಂ ಬೇಡ, ಪಕ್ಕದಲ್ಲಿ ಏನೋ ಬಿದ್ದರೂ ದಾಟುತ್ತದೆ. ಸತತ ಕೆಲವು ರೀಡಿಂಗ್ ದಾಟಲಿ. ಬೆಲ್ಟ್ ಬದಲಿಸಿದರೆ, ವೇಗ ಬದಲಾದರೆ ಹೊಸ ಬೇಸ್‌ಲೈನ್ ಬೇಕು, ಆದರೆ ಅದನ್ನು ಮನುಷ್ಯರು ಪರೀಕ್ಷೆ ಮಾಡಿಯೇ ಬದಲಿಸಬೇಕು, ಸಿಸ್ಟಮ್ ತಾನಾಗಿ ಅಲ್ಲ.

ಇಷ್ಟು ಮಾಡಿದರೂ mm/sನಲ್ಲಿ ಬರುವ ರೀಡಿಂಗ್ ಬೇರಿಂಗ್ ದೋಷವನ್ನು ತಡವಾಗಿಯೇ ತೋರಿಸುತ್ತದೆ. ಸಣ್ಣ ಬಿರುಕಿನ ಹೊಡೆತ ಮೊದಲು ಕಾಣೋದು ಸಾವಿರಾರು ಹರ್ಟ್ಸ್‌ನ ಆಕ್ಸಲರೇಶನ್‌ನಲ್ಲಿ. ಸೆಕೆಂಡಿಗೆ ನೂರು ಸ್ಯಾಂಪಲ್ ತೆಗೆಯುವ ಸೆನ್ಸರ್‌ಗೆ ಅದು ಗೊತ್ತೇ ಆಗೋದಿಲ್ಲ.

ನಿಮ್ಮಲ್ಲಿ ಈಗಾಗಲೇ ಸಿಸ್ಟಮ್ ಇದ್ದರೆ ಇವತ್ತೇ ಹೀಗೆ ಮಾಡಿ: ಹಳೆಯ ಒಳ್ಳೆಯ ಡೇಟಾಗೆ ದಿನಕ್ಕೆ 0.05ರಂತೆ ಸೇರಿಸುತ್ತಾ ಹೋಗಿ, ಅಲಾರಂ ಯಾವಾಗ ಬರುತ್ತೆ ನೋಡಿ. ಮೇಲಿನ ಲೆಕ್ಕದಲ್ಲಿ ಲಾಕ್ ಮಾಡಿದ ಬೇಸ್‌ಲೈನ್ ಆದರೆ ಸುಮಾರು 10ನೇ ದಿನಕ್ಕೆ ಬರಬೇಕು. ತಿಂಗಳಾದರೂ ಬರದಿದ್ದರೆ ಹಾಕಿಕೊಟ್ಟವರನ್ನು ಕರೆಸಿ, ಆ ಗ್ರಾಫನ್ನೇ ಮುಂದಿಟ್ಟು ಸರಿ ಮಾಡಿಸಿ.