ಸಂಬಳ ತಡವಾದಾಗ ಬರುವ ಕ್ಷಮಾಪಣೆಯ ಮೇಲ್ ಅನ್ನು ಹಾಗೆಯೇ ನಂಬಬೇಡಿ

ನಮ್ಮ ಕಂಪನಿಯಲ್ಲಿ ಸಂಬಳ ತಿಂಗಳ ಕೊನೆಯ ದಿನ ಬರುತ್ತದೆ. 2026ರ ಜನವರಿ 31ರಂದು ಬರಲಿಲ್ಲ. ಸಂಜೆ ಎಚ್‌ಆರ್ ವಿಭಾಗದಿಂದ ಎಲ್ಲರಿಗೂ ಮೇಲ್ ಬಂದಿತು: "ಬ್ಯಾಂಕ್ ರಜೆ ಹಾಗೂ ತಾಂತ್ರಿಕ ಅಡಚಣೆಯಿಂದ ವೇತನ ಜಮೆ ವಿಳಂಬವಾಗಿದೆ. ಫೆಬ್ರವರಿ 3ರೊಳಗೆ ಜಮೆಯಾಗಲಿದೆ. ಅನನುಕೂಲಕ್ಕೆ ವಿಷಾದಿಸುತ್ತೇವೆ. ವಿಚಾರಣೆಗೆ ಪೇರೋಲ್ ವಿಳಾಸಕ್ಕೆ ಬರೆಯಿರಿ." ಕಾರಣ, ದಿನಾಂಕ, ಸಂಪರ್ಕ ಮೂರೂ ಇದ್ದವು. ಓದಿದವರಿಗೆ ಸಮಾಧಾನವಾಗುವಂತೆಯೇ ಬರೆದಿದ್ದರು.

ಮೊದಲು ಕಾರಣವನ್ನು ನೋಡಿ. ಅಂದು ಶನಿವಾರ, ಅದೂ ತಿಂಗಳ ಐದನೆಯ ಶನಿವಾರ. ಬ್ಯಾಂಕುಗಳಿಗೆ ರಜೆ ಇರುವುದು ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ. ರಜೆಯೇ ಇದ್ದಿದ್ದರೂ ನೆಫ್ಟ್ 2019ರ ಡಿಸೆಂಬರ್‌ನಿಂದ ದಿನದ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತಿದೆ. ಸಂಬಳ ಮತ್ತು ಸಾಲದ ಕಂತುಗಳು ಸಾಗುವ ನ್ಯಾಚ್ ವ್ಯವಸ್ಥೆಗೂ 2021ರ ಆಗಸ್ಟ್ 1ರಿಂದ ಭಾನುವಾರದ ಬಿಡುವಿಲ್ಲ. ಭಾನುವಾರ ನಿಮ್ಮ ಕಂತನ್ನು ಕಡಿಯುವ ವ್ಯವಸ್ಥೆಗೆ ಸಂಬಳ ಹಾಕಲು ಮಾತ್ರ ರಜೆ ಎಂದರೆ ಹೇಗೆ?

ತಾಂತ್ರಿಕ ಅಡಚಣೆ ನಿಜಕ್ಕೂ ಆಗುವುದುಂಟು. ಪೇರೋಲ್ ವಿಭಾಗದವರು ಎಲ್ಲರ ಖಾತೆ ಸಂಖ್ಯೆ ಮತ್ತು ಮೊತ್ತ ಇರುವ ಫೈಲನ್ನು ಬ್ಯಾಂಕಿನ ಜಾಲತಾಣಕ್ಕೆ ಏರಿಸುತ್ತಾರೆ, ಅಧಿಕಾರವಿರುವ ಇನ್ನೊಬ್ಬರು ಅದಕ್ಕೆ ಒಪ್ಪಿಗೆ ಕೊಡುತ್ತಾರೆ, ಆಮೇಲೆ ಹಣ ಹೊರಡುತ್ತದೆ. ಹಣ ಹೊರಟ ಮೇಲೆ ತೊಡಕಾದರೆ ಸಾಮಾನ್ಯವಾಗಿ ಕೆಲವರಿಗೆ ಬಂದಿರುತ್ತದೆ, ಕೆಲವರದು ವಾಪಸಾಗಿರುತ್ತದೆ. ನಮ್ಮಲ್ಲಿ ಯಾವ ಬ್ಯಾಂಕಿನಲ್ಲಿ ಖಾತೆ ಇದ್ದವರಿಗೂ ಒಂದು ಪೈಸೆ ಬಂದಿರಲಿಲ್ಲ. ಕಂಪನಿಯ ಖಾತೆ ಇರುವ ಬ್ಯಾಂಕಿನಲ್ಲೇ ಖಾತೆ ಇದ್ದ ಗೆಳೆಯನಿಗೂ ಇಲ್ಲ. ಅಂದರೆ ಫೈಲ್ ಬ್ಯಾಂಕಿಗೆ ಹೋಗಿರಲಿಲ್ಲ, ಅಥವಾ ಹೋಗಿ ಒಪ್ಪಿಗೆಗೆ ಕಾಯುತ್ತಿತ್ತು.

ಆಗ ನಾನು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದೆ. ಒಂದು ತಿಂಗಳ ಪಿಎಫ್ ಹಣವನ್ನು ಉದ್ಯೋಗದಾತರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದ ಮೇಲೂ ಪಾಸ್‌ಬುಕ್‌ನಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು, ಅದಿರಲಿ. ನನ್ನದರಲ್ಲಿ ಕೊನೆಯ ಸಾಲು ಅಕ್ಟೋಬರ್ ತಿಂಗಳದು. ನವೆಂಬರ್ ಮತ್ತು ಡಿಸೆಂಬರ್ ಸಂಬಳದ ಚೀಟಿಗಳಲ್ಲಿ ಮಾತ್ರ ಪಿಎಫ್ ಕಡಿತ ಅಚ್ಚುಕಟ್ಟಾಗಿ ನಮೂದಾಗಿತ್ತು. ನಮ್ಮಿಂದ ಹಿಡಿದ ಹಣವನ್ನೇ ಕಟ್ಟದ ಕಂಪನಿಗೆ ಇರುವುದು ಬ್ಯಾಂಕಿನ ಅಡಚಣೆಯಲ್ಲ, ಹಣದ ಅಡಚಣೆ. ದೊಡ್ಡ ಗ್ರಾಹಕರೊಬ್ಬರಿಂದ ಬಾಕಿ ಬಂದಿಲ್ಲ, ಓವರ್‌ಡ್ರಾಫ್ಟ್ ಮಿತಿಯೂ ಮುಗಿದಿದೆ ಎಂದು ಲೆಕ್ಕಪತ್ರ ವಿಭಾಗದವರೊಬ್ಬರು ಆಮೇಲೆ ಬಾಯಿಬಿಟ್ಟರು. ಇದನ್ನೇ ಮೇಲ್‌ನಲ್ಲಿ ಬರೆದಿದ್ದರೆ ಬೈದುಕೊಂಡಾದರೂ ನಮ್ಮ ನಮ್ಮ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು.

3ನೇ ತಾರೀಖು ಕಳೆಯಿತು, ಹಣ ಬರಲಿಲ್ಲ. ದಿನಾಂಕವನ್ನು 10ಕ್ಕೆ ಬದಲಿಸಿದ ಎರಡನೆಯ ಮೇಲ್ ಬಂದಿತು. ಈ ನಡುವೆ 5ರಂದು ಗೃಹಸಾಲದ ಕಂತು ಬೌನ್ಸ್ ಆಗಿ ನನ್ನ ಬ್ಯಾಂಕ್ 500 ರೂಪಾಯಿ ಶುಲ್ಕ, ಮೇಲೆ ಜಿಎಸ್‌ಟಿ, ಒಟ್ಟು 590 ಕಡಿಯಿತು. ಸಾಲ ಕೊಟ್ಟವರ ದಂಡ ಬೇರೆ. ಇದನ್ನು ಯಾರು ಭರಿಸುತ್ತಾರೆ ಎಂಬ ಬಗ್ಗೆ ಎರಡೂ ಮೇಲ್‌ಗಳಲ್ಲಿ ಒಂದಕ್ಷರವಿಲ್ಲ. ಇಂಥ ಮೇಲ್ ಬಂದ ದಿನವೇ, ಕಂತಿನ ತಾರೀಖಿಗೆ ಮುಂಚೆ, ಸಾಲದ ಸಂಸ್ಥೆಗೆ ಅದರ ಪ್ರತಿ ಕಳುಹಿಸಿ ಕಾಲಾವಕಾಶ ಕೇಳಿ. ಒಪ್ಪಲೇಬೇಕೆಂದೇನಿಲ್ಲ, ಆದರೆ ದಂಡ ಮನ್ನಾ ಕೇಳುವಾಗ ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಸಂಪರ್ಕದ ಕಥೆ ಚಿಕ್ಕದು. ಪೇರೋಲ್ ವಿಳಾಸಕ್ಕೆ ಬರೆದರೆ ಯಂತ್ರದ ಉತ್ತರ, ಒಂದು ದೂರು ಸಂಖ್ಯೆ, ಅಷ್ಟೆ. ಆಮೇಲೆ ನಾವು ಕೆಲವರು ಒಟ್ಟಾಗಿ ಎಚ್‌ಆರ್ ಮುಖ್ಯಸ್ಥರಿಗೇ ನೇರವಾಗಿ ಬರೆದು, ವೇತನದ ಫೈಲ್ ಬ್ಯಾಂಕಿಗೆ ಏರಿದೆಯೇ, ಏರಿದ್ದರೆ ಯಾವತ್ತು, ಒಪ್ಪಿಗೆ ಆಗಿದೆಯೇ ಎಂದು ಕೇಳಿದೆವು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಮಾಸಿಕ ಸಂಬಳ ಮುಂದಿನ ತಿಂಗಳ ಏಳನೆಯ ದಿನ ಮುಗಿಯುವುದರೊಳಗೆ ಸಿಗಬೇಕು ಎಂಬುದನ್ನೂ ಸೇರಿಸಿದೆವು. "ಬ್ಯಾಂಕ್" ಎಂಬ ಪದವಿಲ್ಲದ ಮೊದಲ ಉತ್ತರ ಬಂದದ್ದು ಆಗಲೇ: ಹಣದ ವ್ಯವಸ್ಥೆಯಾಗುತ್ತಿದೆ, ಎರಡು ಕಂತುಗಳಲ್ಲಿ ಕೊಡುತ್ತೇವೆ ಎಂದು. ಹಾಗೆಯೇ ಕೊಟ್ಟರು, ಎರಡನೆಯ ಕಂತು ತಿಂಗಳ ಕೊನೆಯ ವಾರದಲ್ಲಿ. ಪಿಎಫ್ ಬಾಕಿಯ ಬಗ್ಗೆ ಇಪಿಎಫ್‌ಒ ದೂರು ಜಾಲತಾಣದಲ್ಲಿ ಬೇರೆಯಾಗಿ ದೂರು ಕೊಟ್ಟಿದ್ದೇನೆ. ಅದಕ್ಕೆ ಸಂಬಳದ ಚೀಟಿ ಮತ್ತು ಪಾಸ್‌ಬುಕ್ ಪುಟ ಲಗತ್ತಿಸಿದರೆ ಸಾಕು.

ಈ ಮೇಲ್‌ಗಳನ್ನೂ ಸಂಬಳದ ಚೀಟಿಗಳನ್ನೂ ದಿನಾಂಕ ಕಾಣುವಂತೆ ಮುದ್ರಿಸಿ ಮನೆಯಲ್ಲಿ ಇಟ್ಟುಕೊಳ್ಳಿ. ರಾಜೀನಾಮೆ ಕೊಟ್ಟ ನನ್ನ ಸಹೋದ್ಯೋಗಿಯೊಬ್ಬರ ಕಚೇರಿ ಲಾಗಿನ್ ಅನ್ನು ಅದೇ ಸಂಜೆ ಮುಚ್ಚಿದರು. ಬಾಕಿ ಕೇಳಲು ಈಗ ಅವರ ಬಳಿ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಟ್ಟರೆ ಬೇರೇನೂ ಇಲ್ಲ.